ವರ್ಡ್‌ಪ್ರೆಸ್‌ನಲ್ಲಿ ವರ್ಗ, ಟ್ಯಾಗ್, ಪರ್ಮಾಲಿಂಕ್ ಹೊಂದಿಸುವುದು ಹೇಗೆ?

ಪ್ರಶ್ನೆ: ಕೋಲಾರ ಜಿಲ್ಲೆಯ ಗುಡಿ, ಕೆರೆ, ಬೇಸಾಯದ ಬಗ್ಗೆ ಬರೆಯುತ್ತಿದ್ದೇನೆ. ಬರಹಗಳು ಹೆಚ್ಚಾದಂತೆ ಎಲ್ಲವೂ ಕಲಸುಮೇಲೋಗರವಾಗಿದೆ. ಲಿಂಕ್ ಹಂಚಿದರೆ ಉದ್ದನೆಯ ಶೇಕಡಾ ಚಿಹ್ನೆಗಳ ಸಾಲು ಬರುತ್ತದೆ. ಎಲ್ಲಿಂದ ಸರಿಪಡಿಸಲಿ?

ಉತ್ತರ: ಲಿಂಕಿನಿಂದಲೇ ಆರಂಭಿಸಿ, ಏಕೆಂದರೆ ತಡವಾದಷ್ಟೂ ಅದನ್ನು ಬದಲಿಸುವುದು ಕಷ್ಟ. Settings → Permalinks ಪುಟದಲ್ಲಿ Post name ಆರಿಸಿಕೊಳ್ಳಿ. ಲಿಂಕಿನಲ್ಲಿ `%category%` ಸೇರಿಸಲು ಹೋಗಬೇಡಿ. ಒಂದು ಬರಹಕ್ಕೆ ಎರಡು ವರ್ಗ ಗುರುತಿಸಿದರೆ, ಅವುಗಳಲ್ಲಿ ಮೊದಲು ಸೃಷ್ಟಿಸಿದ ವರ್ಗದ ಹೆಸರೇ ಲಿಂಕಿಗೆ ಬರುತ್ತದೆ. ಮುಂದೆ ವರ್ಗ ಬದಲಿಸಿದರೆ ಲಿಂಕೂ ಬದಲಾಗುತ್ತದೆ.

ಶೇಕಡಾ ಚಿಹ್ನೆಗಳಿಗೆ ಕಾರಣ ಕನ್ನಡ ಶೀರ್ಷಿಕೆ. ಲಿಂಕಿನ ಕೊನೆಯ ಭಾಗವಾದ ಸ್ಲಗ್ಗನ್ನು ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ಮಾಡುತ್ತದೆ. ಅದರಲ್ಲಿ ಕನ್ನಡದ ಒಂದೊಂದು ಅಕ್ಷರವೂ, ಒಂದೊಂದು ಗುಣಿತ ಚಿಹ್ನೆಯೂ, ಒತ್ತಕ್ಷರಕ್ಕೆ ಮುಂಚಿನ ಅರ್ಧಾಕ್ಷರ ಚಿಹ್ನೆಯೂ ಒಂಬತ್ತೊಂಬತ್ತು ಸ್ಥಾನ ಹಿಡಿಯುತ್ತವೆ. ‘ಆ’ ಎಂಬುದು ಹೀಗಾಗುತ್ತದೆ:

```
%e0%b2%86
```

ಸ್ಲಗ್‌ಗೆ ಇರುವ ಜಾಗವೇ 200 ಸ್ಥಾನ. ‘ಆವಣಿಯ ರಾಮಲಿಂಗೇಶ್ವರ ದೇವಾಲಯ’ ಎಂಬ ಶೀರ್ಷಿಕೆಯಲ್ಲಿ ಇಂಥ 23 ಚಿಹ್ನೆಗಳಿವೆ. ಪದಗಳ ನಡುವಿನ ಎರಡು ಅಡ್ಡಗೆರೆ ಸೇರಿದರೆ 209. ಹಾಗಾಗಿ ಕೊನೆಯ ‘ಯ’ ಬಿದ್ದುಹೋಗಿ ಸ್ಲಗ್ ‘ದೇವಾಲ’ ಎಂದು ಮುಗಿಯುತ್ತದೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ; ಪ್ರಕಟಿಸುವ ಮುನ್ನ Slug ಖಾನೆಯಲ್ಲಿ ಮಾತ್ರ `avani-ramalingeshwara` ಎಂದು ನೀವೇ ಬರೆಯಿರಿ. ಈಗಾಗಲೇ ಪ್ರಕಟವಾದ ಬರಹಗಳ ಸ್ಲಗ್ಗನ್ನೂ ಧೈರ್ಯವಾಗಿ ಬದಲಿಸಬಹುದು, ಹಳೆಯ ಲಿಂಕಿಗೆ ಬಂದವರನ್ನು ವರ್ಡ್‌ಪ್ರೆಸ್ ಹೊಸದಕ್ಕೆ ಕಳುಹಿಸುತ್ತದೆ. ವರ್ಗ ಮತ್ತು ಟ್ಯಾಗ್‌ಗಳ ಸ್ಲಗ್‌ಗೆ ಈ ಅನುಕೂಲವಿಲ್ಲ. ಅವನ್ನು ಸೃಷ್ಟಿಸುವಾಗಲೇ ಸರಿಯಾಗಿ ಬರೆಯಬೇಕು.

ಇನ್ನು ವಿಂಗಡಣೆ. ನಿಮ್ಮ ವಿಷಯಕ್ಕೆ ದೇವಾಲಯ, ಕೆರೆ, ಬೇಸಾಯ ಎಂಬ ಮೂರು ವರ್ಗಗಳು ಸಾಕು. ಒಂದು ಬರಹಕ್ಕೆ ಒಂದೇ ವರ್ಗ. ಊರು, ಅರಸು ಮನೆತನ, ಬೆಳೆಗಳ ಹೆಸರು ಟ್ಯಾಗ್‌ಗೆ ಹೋಗಲಿ. ಆವಣಿಯ ಬರಹ ದೇವಾಲಯ ವರ್ಗದಲ್ಲಿದ್ದು, ಆವಣಿ, ಮುಳಬಾಗಿಲು, ನೊಳಂಬರು ಎಂಬ ಟ್ಯಾಗ್ ಪಡೆಯುತ್ತದೆ. ಮುಳಬಾಗಿಲನ್ನೇ ವರ್ಗ ಮಾಡಿದರೆ ಅಲ್ಲಿನ ಗುಡಿಯ ಬರಹವನ್ನು ಎಲ್ಲಿ ಇಡಬೇಕೆಂಬ ಗೊಂದಲ ಪ್ರತಿ ಸಲವೂ ಕಾಡುತ್ತದೆ.

ಕನ್ನಡದಲ್ಲಿ ಬರೆಯುವವರನ್ನು ಹೆಚ್ಚು ಸತಾಯಿಸುವುದು ಕಾಗುಣಿತ. ಒಮ್ಮೆ ‘ಮುಳಬಾಗಿಲು’, ಇನ್ನೊಮ್ಮೆ ‘ಮುಳಬಾಗಲು’ ಎಂದು ಬರೆದರೆ ಎರಡು ಟ್ಯಾಗ್‌ಗಳಾಗಿ, ಓದುಗರಿಗೆ ಅರ್ಧರ್ಧ ಪಟ್ಟಿ ಸಿಗುತ್ತದೆ. Posts → Tags ಪುಟದಲ್ಲಿ Count ಕಾಲಮ್ ನೋಡಿ. ಒಂದೇ ಒಂದು ಬರಹವಿರುವ ಟ್ಯಾಗ್‌ಗಳ ನಡುವೆ ಇಂಥವು ಸಿಗುವ ಸಾಧ್ಯತೆ ಹೆಚ್ಚು. ತಪ್ಪು ಟ್ಯಾಗಿನ ಎಣಿಕೆಯ ಮೇಲೆ ಒತ್ತಿದರೆ ಅದರ ಬರಹಗಳು ತೆರೆದುಕೊಳ್ಳುತ್ತವೆ. ಎಲ್ಲವನ್ನೂ ಗುರುತಿಸಿ, Bulk actions ಪಟ್ಟಿಯಲ್ಲಿ Edit ಆರಿಸಿ, ಸರಿಯಾದ ಟ್ಯಾಗ್ ಸೇರಿಸಿ. ಆಮೇಲೆ ತಪ್ಪು ಟ್ಯಾಗನ್ನು ಅಳಿಸಿಬಿಡಿ. ಬರಹಗಳಿಗೆ ಏನೂ ಆಗುವುದಿಲ್ಲ.