ಕೆಟ್ಟ ಲಿಂಕ್‌ನಿಂದ ಪರಿಚಯ ಶುರು ಮಾಡುವುದು

ಬೇರೆಯವರ ಬರಹದಲ್ಲಿ ಕೆಟ್ಟುಹೋದ ಲಿಂಕ್ ಹುಡುಕಿ, ಅದರ ಬದಲು ನಮ್ಮ ಬರಹ ಸೂಚಿಸಿ ಅವರಿಗೆ ಬರೆಯೋದು ಹೇಗೆ?

ಲಿಂಕ್ ಸತ್ತಿದ್ದು ಖಚಿತವಾದ ಮೇಲೆ, ಅಲ್ಲಿ ಮೊದಲು ಏನಿತ್ತು ಅಂತ ನೋಡಿ ಬರೆಯಿರಿ.

ನಾನು ಕಾಸರಗೋಡಿನವನು, ಬೇಕಲ ಕೋಟೆಯ ಬಗ್ಗೆ ಬರೆದಿದ್ದೆ. ಒಬ್ಬರ ಪ್ರವಾಸ ಬರಹದ ಲಿಂಕ್‌ಗಳನ್ನೆಲ್ಲ ತಪಾಸಣೆ ಟೂಲ್‌ನಲ್ಲಿ ಹಾಯಿಸಿದಾಗ ಒಂದಕ್ಕೆ 404 ಬಂತು, ಅಂದರೆ ಆ ಪುಟವೇ ಇಲ್ಲ. (403 ಬಂದರೆ ನಂಬಬೇಡಿ. ಟೂಲ್‌ಗೆ ಮಾತ್ರ ಬಾಗಿಲು ಹಾಕಿರಬಹುದು, ಬ್ರೌಸರ್‌ನಲ್ಲಿ ತೆರೆದು ನೋಡಿ.) ಹಳೇ ವಿಳಾಸವನ್ನು, ವೆಬ್ ಪುಟಗಳ ಹಳೇ ಪ್ರತಿಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನ್‌ಗೆ ಹಾಕಿದೆ. ಅಲ್ಲಿದ್ದದ್ದು ಕೆಳದಿ ನಾಯಕರ ಕಾಲದ ವಿವರ, ನನ್ನ ಬರಹದಲ್ಲೂ ಅದೇ ಇತ್ತು.

ಆಮೇಲೆ ಬರೆದೆ: "ಸರ್, ಮೂರನೇ ಪ್ಯಾರಾದ 'ಕೋಟೆಯ ಇತಿಹಾಸ' ಲಿಂಕ್ ತೆರೆಯುತ್ತಿಲ್ಲ. ಹಳೇ ಪ್ರತಿ ಇಲ್ಲಿದೆ. ಇದೇ ವಿಷಯ ನಾನೂ ಬರೆದಿದ್ದೇನೆ, ಬೇಕಾದರೆ ಬಳಸಿ."

ಅವರ ಓದುಗರೇ ಖಾಲಿ ಪುಟಕ್ಕೆ ಹೋಗುತ್ತಿದ್ದರು, ಅಲ್ವಾ? ಉತ್ತರಿಸಲು ಅವರಿಗೂ ಕಾರಣ ಸಿಗುತ್ತದೆ. ವಿಷಯ ಹೊಂದದಿದ್ದರೆ ಸುಮ್ನೆ ನಿಮ್ಮ ಲಿಂಕ್ ತುರುಕಬೇಡಿ.