ಒಂದು ಕಿವಿ ಕಿವುಡು: ಕ್ರಾಸ್ ಸಾಧನವೋ, ಮೂಳೆಗೆ ಕೂರಿಸುವುದೋ?

«ಎರಡು ವರ್ಷದಿಂದ ಬಲಗಿವಿ ಪೂರ್ತಿ ಕೇಳುತ್ತಿಲ್ಲ, ಎಡಗಿವಿ ಚೆನ್ನಾಗಿದೆ. ಕೊಂಡ ಶ್ರವಣ ಸಾಧನದಲ್ಲಿ ಸದ್ದು ಬರುತ್ತದೆ, ಮಾತು ತಿಳಿಯುವುದಿಲ್ಲ. ಕ್ರಾಸ್ ತೆಗೆದುಕೊಳ್ಳಲೇ, ಮೂಳೆಗೆ ಕೂರಿಸುವುದನ್ನು ಮಾಡಿಸಲೇ?»

ಬಹುಶಃ ನಿಮ್ಮ ಒಳಗಿವಿ ಅಥವಾ ನರವೇ ಹಾಳಾಗಿದೆ. ಹಾಗಿದ್ದರೆ ಸದ್ದನ್ನು ಎಷ್ಟು ಹೆಚ್ಚಿಸಿದರೂ ಮಾತು ಸ್ಪಷ್ಟವಾಗುವುದಿಲ್ಲ. ಬರೆದಷ್ಟರಿಂದ ಖಚಿತವಾಗಿ ಹೇಳಲಾಗದು, ಆದ್ದರಿಂದ ಮೊದಲು ಪದ ಗುರುತಿಸುವ ಪರೀಕ್ಷೆ ಮಾಡಿಸಿ, ನರದ ಮೇಲೆ ಗಡ್ಡೆಯಿಲ್ಲವೆಂದು ತಿಳಿಯಲು ಎಂಆರ್‌ಐ ಆಗಿದೆಯೇ ಎಂದು ಕಿವಿ ವೈದ್ಯರನ್ನು ಕೇಳಿ.

ಕ್ರಾಸ್‌ನಲ್ಲಿ ಬಲಗಿವಿಯ ಮೇಲಿನ ಮೈಕ್ ಆ ಬದಿಯ ಸದ್ದನ್ನು ನಿಸ್ತಂತುವಾಗಿ ಎಡಗಿವಿಗೆ ಕಳಿಸುತ್ತದೆ. ಮೂಳೆ ಸಾಧನವು ಕಿವಿಯ ಹಿಂದೆ ಕೂರಿಸಿದ ಟೈಟೇನಿಯಂ ತಿರುಪಿನ ಮೂಲಕ ತಲೆಬುರುಡೆಯನ್ನು ಕಂಪಿಸಿ ಅದೇ ಎಡ ಒಳಗಿವಿಗೆ ಮುಟ್ಟಿಸುತ್ತದೆ. ಕೇಳುವ ಕಿವಿ ಎರಡರಲ್ಲೂ ಒಂದೇ ಆದ್ದರಿಂದ, ಹಾರ್ನ್ ಯಾವ ಕಡೆಯಿಂದ ಬಂತೆಂಬುದು ಎರಡರಿಂದಲೂ ತಿಳಿಯುವುದಿಲ್ಲ.

ಹಾಗಾಗಿ ಶಸ್ತ್ರಚಿಕಿತ್ಸೆ ಬೇಡದ ಕ್ರಾಸ್ ಅನ್ನೇ ಮೊದಲು ಕೆಲವು ವಾರ ಬಳಸಿ ನೋಡಿ, ನಂತರ ಮೂಳೆ ಸಾಧನವನ್ನು ತಲೆಪಟ್ಟಿಗೆ ಕಟ್ಟಿಸಿಕೊಂಡು ಹೋಲಿಸಿ (ಚರ್ಮದ ಮೇಲಿಂದ ತಾರ ಧ್ವನಿಗಳು ತುಸು ಕುಗ್ಗುತ್ತವೆ). ಗದ್ದಲದ ಹೋಟೆಲಿನಲ್ಲಿ ಬಲಕ್ಕೆ ಕೂತವರ ಮಾತು ಸುಲಭವಾದರೆ ಲಾಭವಿದೆ. ಎದುರಿನವರ ಮಾತಿಗೆ ಬಲಬದಿಯ ಗದ್ದಲ ಬೆರೆತು ಕೆಟ್ಟರೆ ಆ ಮೈಕನ್ನು ಮ್ಯೂಟ್ ಮಾಡಲು ಬರುತ್ತದೆಯೇ ಎಂದು ನೋಡಿಕೊಳ್ಳಿ. ಕನ್ನಡಕದ ಜೊತೆ ಕಿವಿಯ ಹಿಂದೆ ಇನ್ನೊಂದನ್ನು ಹೊರುವುದು ಕಿರಿಕಿರಿಯೆನಿಸಿದರೆ ಮೂಳೆ ಸಾಧನಕ್ಕೆ ಅರ್ಥವಿದೆ, ಆದರೆ ತಿರುಪು ಚರ್ಮದಿಂದ ಹೊರಬರುವ ಬಗೆಯಲ್ಲಿ ಸುತ್ತಲಿನ ಚರ್ಮವನ್ನು ದಿನವೂ ಸ್ವಚ್ಛಗೊಳಿಸದಿದ್ದರೆ ಸೋಂಕಾಗಬಹುದು.

ಬಲಗಿವಿಯಲ್ಲೇ ಕೇಳಬೇಕೆಂದರೆ, ಒಳಗಿವಿಯಲ್ಲಿ ಕೂರಿಸಿ ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕೊಡುವ ಕಾಕ್ಲಿಯರ್ ಇಂಪ್ಲಾಂಟ್ ಒಂದೇ ದಾರಿ. ಅದಕ್ಕೆ ನರ ಚೆನ್ನಾಗಿರಬೇಕು, ಕಿವುಡು ಹಳೆಯದಾದಷ್ಟೂ ಫಲ ಕಡಿಮೆಯಾಗಬಹುದು, ಆದ್ದರಿಂದ ಆ ಪ್ರಶ್ನೆಯನ್ನು ಎಂಆರ್‌ಐ ವರದಿಯೊಂದಿಗೇ ಕೇಳಿಬಿಡಿ.