ಕುಡಿತ ಬಿಡುವ ಮೊದಲ ಐದು ದಿನ: ಡಯಾಜೆಪಾಮ್ ಯಾಕೆ ಬೇಕು, ಮನೆಯಲ್ಲಿ ಯಾಕೆ ಬೇಡ

ಪ್ರಶ್ನೆ: ನನ್ನ ಅಣ್ಣನಿಗೆ 46 ವರ್ಷ. ಹದಿನೈದು ವರ್ಷದಿಂದ ಕುಡಿಯುತ್ತಾನೆ, ಈಗ ದಿನಕ್ಕೆ ಎರಡು ಕ್ವಾರ್ಟರ್ ವಿಸ್ಕಿ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ, ಒಂದಿಷ್ಟು ಕುಡಿದರೇ ನಿಲ್ಲುವುದು. ನಾಲ್ಕು ವರ್ಷದ ಹಿಂದೆ ಬಿಟ್ಟಾಗ ಫಿಟ್ಸ್ ಬಂದು ಆಸ್ಪತ್ರೆಗೆ ಸೇರಿಸಿದ್ದೆವು. ಅಲ್ಲಿ ಡಯಾಜೆಪಾಮ್ ಕೊಟ್ಟಿದ್ದರು, ಆ ಚೀಟಿ ಇನ್ನೂ ಇದೆ. ಈ ಸಲ ಅಯ್ಯಪ್ಪ ಮಾಲೆ ಹಾಕಿ ಕುಡಿಯೋದು ಬಿಡ್ತೀನಿ ಅಂತಿದ್ದಾನೆ. ಅದೇ ಮಾತ್ರೆ ತಂದು ಮನೆಯಲ್ಲೇ ಕೊಟ್ಟರೆ ಆಗದೇ? ಅದೂ ಚಟ ಹಿಡಿಸುವ ಮಾತ್ರೆ ಅಂತಾರೆ, ಹಾಗಿದ್ದರೆ ಡಾಕ್ಟರೇ ಯಾಕೆ ಕೊಡುತ್ತಾರೆ? ಈಚೆಗೆ ಅವನ ಪಾದ ಬೇರೆ ಊದುತ್ತಿದೆ.

ಉತ್ತರ: ಕೊಡಬೇಡಿ. ನಿಮ್ಮ ಅಣ್ಣ ಈ ಸಲ ಆಸ್ಪತ್ರೆಯಲ್ಲಿ ದಾಖಲಾಗಿಯೇ ಕುಡಿತ ಬಿಡಬೇಕು. ನೀವು ಬರೆದಿರುವುದರಲ್ಲೇ ಇದಕ್ಕೆ ಮೂರು ಕಾರಣಗಳಿವೆ: ಬೆಳಗಿನ ನಡುಕ, ಹಿಂದೆ ಬಂದ ಫಿಟ್ಸ್, ಈಗಿನ ಪಾದದ ಊತ.

ಮೊದಲು ಆ ನಡುಕದಿಂದ ಶುರು ಮಾಡೋಣ. ಮಿದುಳಿನಲ್ಲಿ ನರಗಳನ್ನು ಶಾಂತವಾಗಿಡುವ ರಾಸಾಯನಿಕ ಒಂದಿದೆ, ಅದರ ಹೆಸರು ಗಾಬಾ. ನರಗಳನ್ನು ಚುರುಕುಗೊಳಿಸುವುದು ಗ್ಲುಟಮೇಟ್. ಮದ್ಯ ಗಾಬಾದ ಕೆಲಸವನ್ನು ಹೆಚ್ಚಿಸುತ್ತದೆ, ಗ್ಲುಟಮೇಟ್‌ನ ಕೆಲಸವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ದಿನವೂ ಹೀಗಾದರೆ ಮಿದುಳು ಸುಮ್ಮನಿರುವುದಿಲ್ಲ. ಎಚ್ಚರವಾಗಿರಲು ಅದು ಗಾಬಾಗೆ ಸ್ಪಂದಿಸುವುದನ್ನು ಕಡಿಮೆ ಮಾಡಿಕೊಂಡು, ಗ್ಲುಟಮೇಟ್‌ನ ಸಂದೇಶ ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಬಲವಾಗಿ ಎಳೆಯುತ್ತಾ ನಿಂತಲ್ಲೇ ನಿಂತಿರುತ್ತಾರಲ್ಲ, ದಿನವೂ ಕುಡಿಯುವವರ ಮಿದುಳು ಇರುವುದು ಹಾಗೆ. ಕುಡಿತ ದಿಢೀರನೆ ನಿಂತರೆ ಒಂದು ಕಡೆಯವರು ಹಗ್ಗ ಬಿಟ್ಟಂತಾಗುತ್ತದೆ. ನಡುಕ, ಬೆವರು, ಎದೆಬಡಿತ, ವಾಂತಿ, ನಿದ್ದೆಗೆಡುವುದು, ಕೊನೆಗೆ ಫಿಟ್ಸ್ ಮತ್ತು ಸನ್ನಿ, ಇವೆಲ್ಲ ಆ ಬೀಳುವಿಕೆಯ ಬೇರೆ ಬೇರೆ ಹಂತಗಳು. ನಿಮ್ಮ ಅಣ್ಣನಿಗೆ ಒಂದು ರಾತ್ರಿ ಕಳೆಯುವಷ್ಟರಲ್ಲೇ ಕೈ ನಡುಗುತ್ತದೆ. ಅಂದರೆ ಅವರ ಮಿದುಳು ಪ್ರತಿದಿನ ಬೆಳಿಗ್ಗೆ ಮೊದಲ ಹಂತಕ್ಕೆ ಬಂದು ನಿಲ್ಲುತ್ತಿದೆ.

ಡಯಾಜೆಪಾಮ್ ಕೂರುವುದು ಇದೇ ಗಾಬಾ ಗ್ರಾಹಕದ ಮೇಲೆ, ಮದ್ಯ ಮಾಡುತ್ತಿದ್ದ ಕೆಲಸದ ಮುಖ್ಯ ಭಾಗವನ್ನು ಅದು ವಹಿಸಿಕೊಳ್ಳುತ್ತದೆ. ಹಾಗಾಗಿ ಬಿಟ್ಟ ಹಗ್ಗವನ್ನು ಹಿಡಿದು ನಿಧಾನವಾಗಿ ಸಡಿಲಿಸಲು ಅದು ಒದಗುತ್ತದೆ. ಇದರ ಇನ್ನೊಂದು ಗುಣ ಮುಖ್ಯವಾದದ್ದು. ಮದ್ಯ ಕೆಲವು ಗಂಟೆಗಳಲ್ಲಿ ರಕ್ತದಿಂದ ಖಾಲಿಯಾದರೆ, ಡಯಾಜೆಪಾಮ್ ಮತ್ತು ಯಕೃತ್ತಿನಲ್ಲಿ ಅದರಿಂದ ಹುಟ್ಟುವ ಇನ್ನೊಂದು ಸಕ್ರಿಯ ವಸ್ತು ಹಲವು ದಿನ ದೇಹದಲ್ಲಿದ್ದು ತಾವಾಗಿಯೇ ಇಳಿಯುತ್ತಾ ಹೋಗುತ್ತವೆ. ಅಷ್ಟರಲ್ಲಿ ಮಿದುಳು ತನ್ನ ಹಳೆಯ ಸಮತೋಲಕ್ಕೆ ಮರಳಲು ಸಮಯ ಸಿಗುತ್ತದೆ. ಕ್ಲೋರ್‌ಡಯಾಜೆಪಾಕ್ಸೈಡ್ ಎಂಬ ಮಾತ್ರೆಯೂ ಇದೇ ಜಾತಿಯದು, ನಮ್ಮ ಆಸ್ಪತ್ರೆಗಳಲ್ಲಿ ಅದನ್ನೂ ತುಂಬಾ ಬಳಸುತ್ತಾರೆ. ಬರೀ ಗಲಾಟೆ ಅಡಗಿಸುವ ಬೇರೆ ಮಾನಸಿಕ ಔಷಧಿಗಳು ರೋಗಿಯನ್ನು ಮಂಕಾಗಿಸಬಹುದು, ಆದರೆ ಫಿಟ್ಸ್ ತಡೆಯುವುದಿಲ್ಲ. ಅವುಗಳಲ್ಲಿ ಕೆಲವು ಫಿಟ್ಸ್ ಬರುವುದನ್ನು ಇನ್ನೂ ಸುಲಭ ಮಾಡುತ್ತವೆ.

ಚಟದ ಬಗ್ಗೆ ನಿಮ್ಮ ಆತಂಕ ಸರಿಯಾದದ್ದೇ. ವಾರಗಟ್ಟಲೆ, ತಿಂಗಳುಗಟ್ಟಲೆ ನುಂಗಿದರೆ ಡಯಾಜೆಪಾಮ್‌ಗೂ ದೇಹ ಒಗ್ಗಿಕೊಳ್ಳುತ್ತದೆ. ಅದನ್ನು ದಿಢೀರನೆ ಬಿಟ್ಟರೂ ಫಿಟ್ಸ್ ಬರಬಹುದು. ಆಸ್ಪತ್ರೆಯಲ್ಲಿ ಇದನ್ನು ಕೊಡುವುದು ಸಾಮಾನ್ಯವಾಗಿ ಐದರಿಂದ ಹತ್ತು ದಿನ, ದಿನದಿಂದ ದಿನಕ್ಕೆ ಇಳಿಸುತ್ತಾ. ಮನೆಗೆ ಕಳುಹಿಸುವ ಹೊತ್ತಿಗೆ ಅದು ನಿಂತಿರುತ್ತದೆ ಅಥವಾ ನಿಲ್ಲುವ ದಿನಾಂಕ ಬರೆದಿರುತ್ತದೆ. ಮನೆಯಲ್ಲಿ ಶುರುವಾದ ಮಾತ್ರೆಗೆ ಅಂಥ ದಿನಾಂಕ ಇರುವುದಿಲ್ಲ. ಕುಡಿತವೂ ಮುಂದುವರಿದು ಮಾತ್ರೆಯೂ ಜೊತೆ ಸೇರಿದವರನ್ನು ನಾವು ಹೊರರೋಗಿ ವಿಭಾಗದಲ್ಲಿ ಮತ್ತೆ ಮತ್ತೆ ನೋಡುತ್ತೇವೆ.

ಇನ್ನು ನಿಮ್ಮ ಹಳೆಯ ಚೀಟಿ. ಅದರಲ್ಲಿರುವ ಪ್ರಮಾಣವನ್ನು ಆಗಿನ ವೈದ್ಯರು ಆಗ ಅವರನ್ನು ಗಂಟೆಗಂಟೆಗೂ ನೋಡಿ ನಿರ್ಧರಿಸಿದ್ದು. ವಾರ್ಡಿನಲ್ಲಿ ನಡೆಯುವುದು ಹೀಗೆ: ಚಾಚಿದ ಕೈಯ ನಡುಕ, ಬೆವರು, ವಾಕರಿಕೆ, ಚಡಪಡಿಕೆ, ಇಲ್ಲದ ಸದ್ದು ಕೇಳಿಸುವುದು, ದಿನ ಮತ್ತು ಸ್ಥಳದ ಪರಿವೆ, ಹೀಗೆ ಹತ್ತು ಅಂಶಗಳಿಗೆ ನರ್ಸ್ ಅಂಕ ಕೊಡುತ್ತಾರೆ. ಒಟ್ಟು 67ರಲ್ಲಿ ಎಂಟು ಹತ್ತರೊಳಗಿದ್ದರೆ ಸೌಮ್ಯ, 15 ದಾಟಿದರೆ ತೀವ್ರ ಎಂದು ಸ್ಥೂಲವಾಗಿ ಹೇಳಬಹುದು. ಮಾತ್ರೆ ಕೊಟ್ಟು, ಒಂದೆರಡು ಗಂಟೆ ಬಿಟ್ಟು ಮತ್ತೆ ಅಂಕ ನೋಡುತ್ತಾರೆ. ಕರೆದರೆ ಕಣ್ಣು ಬಿಡುವಷ್ಟು ಹಗುರವಾದ ನಿದ್ದೆ ಬಂದರೆ ಸಾಕು, ಅಲ್ಲಿಗೆ ನಿಲ್ಲಿಸುತ್ತಾರೆ. ಮೊದಲ ದಿನ ಒಬ್ಬರಿಗೆ 20 ಮಿಲಿಗ್ರಾಂ ಸಾಕಾದರೆ ಅಷ್ಟೇ ಕುಡಿಯುವ ಇನ್ನೊಬ್ಬರಿಗೆ 60 ದಾಟಬಹುದು. ಯಾರಿಗೆ ಎಷ್ಟೆಂದು ಮೊದಲೇ ಹೇಳಲು ಬರುವುದಿಲ್ಲ. ಮನೆಯಲ್ಲಿ ಕಡಿಮೆ ಬಿದ್ದರೆ ಫಿಟ್ಸ್ ತಡೆಯದು, ಹೆಚ್ಚಾದರೆ ಎಚ್ಚರ ತಪ್ಪಿದವರಿಗೆ ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ.

ಎಲ್ಲಕ್ಕಿಂತ ಅಪಾಯ, ಮಾತ್ರೆ ನುಂಗಿದ ಮೇಲೆ ಕದ್ದು ಒಂದು ಕ್ವಾರ್ಟರ್ ಏರಿಸುವುದು. ಡಯಾಜೆಪಾಮ್ ತಾನೊಂದೇ ಆರೋಗ್ಯವಂತರಲ್ಲಿ ಉಸಿರು ನಿಲ್ಲಿಸುವುದು ಅಪರೂಪ, ಏಕೆಂದರೆ ದೇಹದಲ್ಲಿರುವ ಗಾಬಾದ ಮೂಲಕವೇ ಅದು ಕೆಲಸ ಮಾಡಬೇಕು. ಮದ್ಯಕ್ಕೆ ಆ ಮಿತಿ ಇಲ್ಲ. ಎರಡೂ ಸೇರಿದಾಗ ಉಸಿರಾಟದ ಕೇಂದ್ರವೇ ಮಂಕಾಗುತ್ತದೆ. ಮನೆಯವರಿಗೆ ಇದು ಗೊತ್ತಾಗುವುದೂ ಕಷ್ಟ. ಗೊರಕೆ ಹೊಡೆಯುತ್ತಾ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡು ಬಾಗಿಲು ಎಳೆದುಕೊಂಡು ಹೋಗುತ್ತಾರೆ.

ಪಾದದ ಊತದ ಬಗ್ಗೆ ನೀವು ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ, ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಅದು. ಬೇರೆ ಕಾರಣಗಳೂ ಇರಬಹುದು, ಆದರೆ ಇಷ್ಟು ವರ್ಷ ಕುಡಿದವರಲ್ಲಿ ಯಕೃತ್ತು ಗಟ್ಟಿಯಾಗಿದೆಯೇ ಎಂದು ಮೊದಲು ನೋಡಬೇಕು. ಡಯಾಜೆಪಾಮ್ ಕರಗಬೇಕಾದ್ದು ಯಕೃತ್ತಿನಲ್ಲಿ. ಅದು ಕೆಟ್ಟಿದ್ದರೆ ಇಂದಿನ ಮಾತ್ರೆ ಹೋಗುವ ಮೊದಲೇ ನಾಳೆಯದು ಸೇರಿ, ಮೂರನೇ ದಿನಕ್ಕೆ ಎಬ್ಬಿಸಿದರೂ ಏಳದ ಸ್ಥಿತಿ ಬರಬಹುದು. ಅಂಥವರಿಗೆ ನಾವು ಲೊರಾಜೆಪಾಮ್ ಆರಿಸುತ್ತೇವೆ. ಅದು ಹೆಚ್ಚು ಸರಳ ದಾರಿಯಲ್ಲಿ ಕರಗುತ್ತದೆ, ಸಕ್ರಿಯ ವಸ್ತುಗಳನ್ನು ಹಿಂದೆ ಬಿಡುವುದಿಲ್ಲ. ನಾಲ್ಕು ವರ್ಷದ ಹಿಂದೆ ಸರಿಹೋದ ಮಾತ್ರೆ ಇಂದಿನ ಯಕೃತ್ತಿಗೆ ಸರಿಹೋಗುತ್ತದೆಯೇ ಎಂಬುದನ್ನು ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ನೋಡಿಯೇ ಹೇಳಬೇಕು.

ಮನೆಯವರು ಮೋಸಹೋಗುವುದು ದಿನಗಳ ಲೆಕ್ಕದಲ್ಲಿ. ನಿಮ್ಮ ಅಣ್ಣ ಭಾನುವಾರ ರಾತ್ರಿ ಒಂಬತ್ತಕ್ಕೆ ಕೊನೆಯ ಗುಟುಕು ಕುಡಿದು ಸೋಮವಾರ ಮಾಲೆ ಹಾಕಿದರು ಎಂದುಕೊಳ್ಳಿ. ಸೋಮವಾರ ಬೆಳಗಿನ ನಡುಕವನ್ನು ತಣ್ಣೀರು ಸ್ನಾನದ ಚಳಿ ಎನ್ನುತ್ತಾರೆ. ಫಿಟ್ಸ್‌ನ ಅಪಾಯ ಸೋಮವಾರ ಬೆಳಗಿನ ಜಾವದಿಂದ ಮಂಗಳವಾರ ರಾತ್ರಿಯವರೆಗೆ. ಅದು ಬರದೆ ಹೋದರೆ ಗೆದ್ದೆವು ಎಂದು ಎಲ್ಲರೂ ನಿರಾಳವಾಗುತ್ತಾರೆ. ಸನ್ನಿ ಹಿಡಿಯುವುದು ಸಾಮಾನ್ಯವಾಗಿ ಅಲ್ಲಿಂದ ಆಚೆಗೆ, ಮಂಗಳವಾರ ರಾತ್ರಿಯಿಂದ ಗುರುವಾರದ ಒಳಗೆ. ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎನ್ನುವುದು, ಇಲ್ಲದ ವಸ್ತು ಹೆಕ್ಕುವುದು, ಮನೆಯಲ್ಲೇ ಇದ್ದು ಮನೆಗೆ ಹೋಗಬೇಕೆಂದು ಹಟ ಮಾಡುವುದು, ಜೊತೆಗೆ ಜ್ವರ, ಏರಿದ ನಾಡಿ. ಇದನ್ನು ಸ್ವಾಮಿ ಮೈಮೇಲೆ ಬಂದರು ಎಂದೋ ಗಾಳಿ ಎಂದೋ ತಿಳಿದು ಒಂದು ರಾತ್ರಿ ಕಳೆದರೂ ಜೀವ ಹೋಗಬಹುದು. ಚಿಕಿತ್ಸೆ ಇಲ್ಲದ ಕಾಲದಲ್ಲಿ ಈ ಸನ್ನಿಯಿಂದ ಬಹಳ ಜನ ಸಾಯುತ್ತಿದ್ದರು; ಸರಿಯಾದ ಚಿಕಿತ್ಸೆಯಲ್ಲಿ ಈಗ ಹೆಚ್ಚಿನವರು ಉಳಿಯುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಹೀಗೆ ಫಿಟ್ಸ್ ಮತ್ತು ಸನ್ನಿಯಿಂದ ಬಂದವರ ಸಂಖ್ಯೆ ಏರಿತ್ತು. ಒಮ್ಮೆ ಫಿಟ್ಸ್ ಬಂದವರಿಗೆ ಮುಂದಿನ ಸಲ ಬಿಟ್ಟಾಗ ಮತ್ತೆ ಬರುವ ಸಾಧ್ಯತೆ ಹೆಚ್ಚು ಎಂಬುದನ್ನೂ ನೆನಪಿಡಿ.

ಸುಸ್ತಾದವರಿಗೆ ಒಂದು ಬಾಟಲಿ ಗ್ಲೂಕೋಸ್ ಏರಿಸುವುದು ನಮ್ಮಲ್ಲಿ ರೂಢಿ. ದಿನವೂ ಕುಡಿಯುವವರಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಅದಿಲ್ಲದೆ ಬರೀ ಗ್ಲೂಕೋಸ್ ಹೋದರೆ ಉಳಿದ ಚೂರು ಥಯಾಮಿನ್ ಕೂಡ ಖರ್ಚಾಗಿ, ಕಣ್ಣುಗುಡ್ಡೆ ಸರಿಯಾಗಿ ಚಲಿಸದೆ, ನಡಿಗೆ ತೂರಾಡಿ, ಗೊಂದಲ ಆವರಿಸಬಹುದು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಆದ್ದರಿಂದ ಯಾರೇ ಡ್ರಿಪ್ ಹಾಕುವ ಮೊದಲು ಇವರು ದಿನಾ ಕುಡಿಯುವವರು, ಥಯಾಮಿನ್ ಇಂಜೆಕ್ಷನ್ ಕೊಡಿ ಎಂದು ನೀವೇ ಬಾಯಿಬಿಟ್ಟು ಹೇಳಿ. ಸಂಕೋಚ ಬೇಡ.

ಎಲ್ಲರೂ ದಾಖಲಾಗಲೇಬೇಕೆಂದಿಲ್ಲ. ಕಡಿಮೆ ಕುಡಿಯುವ, ಹಿಂದೆ ಫಿಟ್ಸ್ ಅಥವಾ ಸನ್ನಿ ಬರದ, ಬೇರೆ ಕಾಯಿಲೆ ಇಲ್ಲದವರಿಗೆ ವೈದ್ಯರು ಪರೀಕ್ಷಿಸಿ, ಎರಡು ಮೂರು ದಿನದ ಮಾತ್ರೆ ಮಾತ್ರ ಮನೆಯವರ ಕೈಗೆ ಕೊಟ್ಟು, ದಿನವೂ ಬಂದು ತೋರಿಸುವಂತೆ ಹೇಳುವುದುಂಟು. ನಿಮ್ಮ ಅಣ್ಣ ಆ ಗುಂಪಿಗೆ ಸೇರುವುದಿಲ್ಲ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಮಾಲೆ ಹಾಕುವ ದಿನಕ್ಕಿಂತ ಕನಿಷ್ಠ ಎರಡು ವಾರ ಮೊದಲೇ ಜಿಲ್ಲಾಸ್ಪತ್ರೆಯ ಅಥವಾ ಹತ್ತಿರದ ಮೆಡಿಕಲ್ ಕಾಲೇಜಿನ ಮನೋವೈದ್ಯರನ್ನು ಕಂಡು ದಾಖಲಾತಿ ಗೊತ್ತುಮಾಡಿ. ಬೆಂಗಳೂರು ಹತ್ತಿರವಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಆಸ್ಪತ್ರೆ ಸೇರುವವರೆಗೆ ಬಾಟಲಿ ಕಿತ್ತುಕೊಂಡು ಒಮ್ಮೆಲೇ ನಿಲ್ಲಿಸಬೇಡಿ. ಕೇಳಲು ಕಷ್ಟವಾದರೂ ಈ ಕೆಲವು ದಿನ ದಿಢೀರ್ ನಿಲ್ಲಿಸುವುದೇ ಹೆಚ್ಚು ಅಪಾಯ. ನಡುವೆ ಅವರೇ ನಿಲ್ಲಿಸಿಬಿಟ್ಟು ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಮೆತ್ತಗೆ ಏನಾದರೂ ಇಟ್ಟು 108ಕ್ಕೆ ಕರೆ ಮಾಡಿ. ಕೈಗೆ ಕಬ್ಬಿಣ, ಬಾಯಿಗೆ ನೀರು ಅಥವಾ ಮಾತ್ರೆ ಯಾವುದೂ ಬೇಡ. ಮಾತು ಅಡ್ಡಾದಿಡ್ಡಿಯಾದರೆ, ಇಲ್ಲದ್ದು ಕಂಡರೆ, ಜ್ವರ ಬಂದರೆ, ನಿಲ್ಲದೆ ವಾಂತಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ.

ದಾಖಲಾದಾಗ ಹಳೆಯ ಚೀಟಿಯನ್ನು ತಪ್ಪದೆ ಒಯ್ಯಿರಿ. ಹಿಂದೆ ಫಿಟ್ಸ್ ಬಂದದ್ದು ಕೊನೆಯ ಕುಡಿತದ ಎಷ್ಟು ಗಂಟೆಯ ಮೇಲೆ ಎಂದು ನೆನಪಿದ್ದರೆ ಅದನ್ನೂ, ಕೊನೆಯ ಸಲ ಕುಡಿದ ಹೊತ್ತನ್ನೂ, ಈಚೆಗೆ ತಲೆಗೆ ಪೆಟ್ಟಾಗಿದ್ದರೆ ಅದನ್ನೂ ಹೇಳಿ. ತಲೆಯ ಪೆಟ್ಟಿನ ಮಂಪರು, ಸಕ್ಕರೆ ಇಳಿದ ಮಂಪರು, ಮಾತ್ರೆಯ ಮಂಪರು ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಡಯಾಜೆಪಾಮ್ ಮುಗಿದ ಮೇಲೆ ಕುಡಿಯುವ ತುಡಿತ ತಗ್ಗಿಸಲು ಬೇರೆ ಮಾತ್ರೆಗಳಿವೆ, ಯಕೃತ್ತಿನ ವರದಿ ನೋಡಿ ವೈದ್ಯರು ಆರಿಸುತ್ತಾರೆ. ವ್ರತದ 41 ದಿನವೂ ಅವನ್ನು ನುಂಗಬಹುದೇ, ಒಂದೇ ಹೊತ್ತಿನ ಊಟ ಅವರಿಗೆ ಆಗುತ್ತದೆಯೇ ಎಂಬುದನ್ನು ಮನೆಗೆ ಹೊರಡುವ ದಿನವೇ ಕೇಳಿಕೊಳ್ಳಿ.